Z ಅನ್ನು ಒಂದೊಂದಾಗಿ ಉಲ್ಟಾ ಮಾಡಿದರೆ Y ಯಾಕೆ ಬರಲ್ಲ?

ವಿದ್ಯಾನಗರ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಮೂರನೇ ಸೆಮ್ ಓದುತ್ತಿದ್ದೇನೆ. ಮೊನ್ನೆ ಇಂಟರ್ನಲ್ಸ್‌ನಲ್ಲಿ ಟೂ-ಪೋರ್ಟ್ ಲೆಕ್ಕ ಬಂದಿತ್ತು. ಒಂದು ಟಿ ನೆಟ್‌ವರ್ಕ್. ಎಡಗೈ 10 ಓಮ್, ಬಲಗೈ 20 ಓಮ್, ನಡುವೆ ಕೆಳಗಿಳಿಯುವ ಕಾಲು 30 ಓಮ್. ಮೊದಲು Z ಕಂಡುಹಿಡಿ, ಆಮೇಲೆ ಅದನ್ನು Y ಗೆ ಬದಲಿಸು ಅಂತ ಪ್ರಶ್ನೆ.

Z ಸರಿಯಾಗಿ ಬಂತು. Z11 = 40, Z22 = 50, Z12 = Z21 = 30. ಅದಕ್ಕೆ ಪೂರ್ತಿ ಮಾರ್ಕ್ಸ್ ಸಿಕ್ಕಿದೆ. ಇಂಪಿಡೆನ್ಸ್ ಉಲ್ಟಾ ಮಾಡಿದರೆ ಅಡ್ಮಿಟೆನ್ಸ್ ಅಲ್ವಾ? ಅದಕ್ಕೆ Y11 = 1/40, Y22 = 1/50, Y12 = 1/30 ಅಂತ ಬರೆದೆ. ಆ ಭಾಗಕ್ಕೆ ಪೂರ್ತಿ ಸೊನ್ನೆ. ಕೇಳಿದ್ದಕ್ಕೆ "ಮ್ಯಾಟ್ರಿಕ್ಸ್ ಇನ್ವರ್ಸ್ ಮಾಡಬೇಕಿತ್ತು" ಅಂದರು, ಅಷ್ಟೇ. ಇನ್ವರ್ಸ್ ಮಾಡೋದು ನನಗೆ ಬರುತ್ತದೆ. ಒಂದೊಂದನ್ನು ಉಲ್ಟಾ ಮಾಡಿದರೆ ತಪ್ಪು ಯಾಕೆ ಅನ್ನೋದು ಗೊತ್ತಾಗಬೇಕು.

ಇನ್ನೊಂದು ಗೊಂದಲವೂ ಇದೆ. ಲ್ಯಾಬ್‌ನಲ್ಲಿ ಇದೇ ನೆಟ್‌ವರ್ಕನ್ನು 1k, 2k, 3k ಹಾಕಿ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದ್ದೆವು. 5 ವೋಲ್ಟ್ ಸಪ್ಲೈ. Y21 ಅಳೆಯುವಾಗ ಎರಡನೇ ಪೋರ್ಟ್ ಶಾರ್ಟ್ ಕರೆಂಟ್ 1315 ಮೈಕ್ರೋಆಂಪ್ ಬಂತು. Y12 ಗೆ ಸಪ್ಲೈ ಆ ಕಡೆ, ಮೀಟರ್ ಈ ಕಡೆ ಇಟ್ಟಾಗ 1303. ಲೆಕ್ಕದಲ್ಲಿ ಎರಡೂ 1364 ಬರಬೇಕು. "ಎರಡೂ ಒಂದೇ ಬರೆದುಬಿಡು" ಅಂದರು. ಬರೆದೆ. ಆದರೆ ಮನಸ್ಸು ಒಪ್ಪುತ್ತಿಲ್ಲ.

---

ನವನಗರ_ಕೋಡರ್

ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳೋದು? ಮೂರು ಸಾಲು ಸಾಕು.

```
import numpy as np
Z = np.array([[40, 30], [30, 50]])
print(np.linalg.inv(Z))
```

ಉತ್ತರ:

```
[[ 0.04545455 -0.02727273]
 [-0.02727273  0.03636364]]
```

ಇದೇ ನಿಮ್ಮ Y.

---

ವಿದ್ಯಾನಗರ_ಹುಡುಗಿ

ಥ್ಯಾಂಕ್ಸ್ ಅಣ್ಣಾ. ಆದರೆ ಉತ್ತರ ನನ್ನ ಹತ್ತಿರ ಆಗಲೇ ಇದೆ. ಕಾರಣ ಬೇಕಾಗಿತ್ತು.

---

ನಿವೃತ್ತ_ಮೇಷ್ಟ್ರು_ಧಾರವಾಡ

ಮಗಳೇ, ಒಳ್ಳೆ ಪ್ರಶ್ನೆ ಕೇಳಿದ್ದೀಯ. ಪಾಲಿಟೆಕ್ನಿಕ್‌ನಲ್ಲಿ ಬಹಳ ವರ್ಷ ಇದನ್ನೇ ಪಾಠ ಮಾಡಿದವನು ನಾನು. ಈ ತಪ್ಪು ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ.

ಸೂತ್ರ ಪಕ್ಕಕ್ಕಿಡು. ಮೀಟರ್ ಹಿಡಿದು ನಿಂತಿದ್ದೀಯ ಅಂದುಕೋ. Z11 ಅಳೆಯುವಾಗ ಎರಡನೇ ಪೋರ್ಟನ್ನು ಏನು ಮಾಡ್ತೀಯ? ತೆರೆದು ಬಿಡ್ತೀಯ. ಆಗ ಬಲಗಡೆಯ 20 ಓಮ್‌ನಲ್ಲಿ ಕರೆಂಟೇ ಹರಿಯಲ್ಲ, ಅದು ಇದ್ದೂ ಇಲ್ಲದ ಹಾಗೆ. ಮೊದಲ ಪೋರ್ಟಿಗೆ ಕಾಣುವುದು 10 + 30 = 40.

Y11 ಅಳೆಯುವಾಗ? ಎರಡನೇ ಪೋರ್ಟಿಗೆ ತಂತಿ ಹಾಕಿ ಶಾರ್ಟ್ ಮಾಡ್ತೀಯ. ಈಗ 20 ಓಮ್‌ಗೂ ಜೀವ ಬಂತು. ಅದು 30 ರ ಜೊತೆ ಪ್ಯಾರಲಲ್ ಆಯಿತು. ಎರಡೂ ಸೇರಿ 12. ಅದಕ್ಕೆ 10 ಸೇರಿಸಿದರೆ 22. ಆದ್ದರಿಂದ Y11 = 1/22, ಅಂದರೆ 0.04545. ಕೋಡರ್ ಕೊಟ್ಟ ಉತ್ತರದ ಮೊದಲ ಅಂಕಿ ಇದೇ.

40 ಬಂದಿದ್ದು ಒಂದು ಸ್ಥಿತಿಯಲ್ಲಿ, 22 ಬಂದಿದ್ದು ಇನ್ನೊಂದು ಸ್ಥಿತಿಯಲ್ಲಿ. ಆ ಕಡೆ ಬಾಗಿಲು ತೆರೆದಾಗ ಅಳೆದದ್ದನ್ನು ಉಲ್ಟಾ ಮಾಡಿದರೆ, ಬಾಗಿಲು ಮುಚ್ಚಿದಾಗಿನ ಅಳತೆ ಹೇಗೆ ಬರಬೇಕು? Y22 ನೀನೇ ಮಾಡಿ ನೋಡು. ಮೊದಲ ಪೋರ್ಟ್ ಶಾರ್ಟ್ ಮಾಡು, ಎರಡನೇ ಕಡೆಯಿಂದ ನೋಡು.

---

ವಿದ್ಯಾನಗರ_ಹುಡುಗಿ

20 + (10 ಮತ್ತು 30 ಪ್ಯಾರಲಲ್) = 20 + 7.5 = 27.5. ಉಲ್ಟಾ ಮಾಡಿದರೆ 0.03636. ಬಂತು ಸರ್! ಸೂತ್ರವನ್ನು ಮುಟ್ಟಲೇ ಇಲ್ಲ.

---

ತೋಳನಕೆರೆ_ವಾಕರ್

ಒಂದು ಮಾತು. ಒಂದೊಂದನ್ನು ಉಲ್ಟಾ ಮಾಡುವುದು ಯಾವಾಗಲೂ ತಪ್ಪು ಅನ್ನೋದು ಸರಿಯಲ್ಲ. ನಾನು ಕೆಲಸದಲ್ಲಿ ಎಷ್ಟೋ ಸಲ 1/Z11 ಅಂತಲೇ ಲೆಕ್ಕ ಹಾಕಿದ್ದೇನೆ, ಸರಿಯಾಗೇ ಬಂದಿದೆ. ಲ್ಯಾಬ್ ವಿಷಯ ಇನ್ನೂ ಸುಲಭ. ರೆಸಿಸ್ಟರ್‌ಗಳಲ್ಲಿ 5% ಹೆಚ್ಚುಕಡಿಮೆ ಇದ್ದೇ ಇರುತ್ತದೆ. 1364 ರ ಜಾಗದಲ್ಲಿ 1315, 1303 ಬಂದರೆ ಅದು ಟಾಲರೆನ್ಸ್. ಮುಗೀತು.

---

ಮೀಟರ್_ಅಕ್ಕ

ವಾಕರ್ ಅವರೇ, ಮೊದಲ ಮಾತು ಅರ್ಧ ಸರಿ. ಎರಡು ಪೋರ್ಟ್‌ಗಳಿಗೆ ಸಂಬಂಧವೇ ಇಲ್ಲದಿದ್ದರೆ, ಅಂದರೆ Z12, Z21 ಸೊನ್ನೆಯಾದರೆ, ಒಂದೊಂದನ್ನು ಉಲ್ಟಾ ಮಾಡಬಹುದು. Z12 ತೀರಾ ಸಣ್ಣದಿದ್ದರೂ ಹತ್ತಿರ ಬರುತ್ತದೆ. ನಿಮ್ಮ ಕೆಲಸದಲ್ಲಿ ಹಾಗಿತ್ತೇನೋ. ಇಲ್ಲಿ ಹಾಗಿಲ್ಲ. 1/Y11 ಅಂದರೆ Z11 − Z12·Z21/Z22. ಈ ಲೆಕ್ಕದಲ್ಲಿ 40 − 900/50 = 40 − 18 = 22. ಆ 18 ಓಮ್ ಬರುವುದೇ ಎರಡೂ ಕಡೆ ಹಂಚಿಕೊಂಡ 30 ಓಮ್ ಕಾಲಿನಿಂದ.

ಟಾಲರೆನ್ಸ್ ಮಾತನ್ನು ಮಾತ್ರ ಒಪ್ಪಲ್ಲ. ಟಾಲರೆನ್ಸ್‌ನಿಂದ 1364 ಹೋಗಿ 1315 ಆಗಬಹುದು, ಅದು ಸರಿ. ಆದರೆ ಎರಡು ಓದುಗಳು ಬೇರೆ ಬೇರೆ ಆಗಲು ಅದು ಕಾರಣ ಆಗಲ್ಲ. ಬರೀ ರೆಸಿಸ್ಟರ್ ಇರುವ ನೆಟ್‌ವರ್ಕ್‌ನಲ್ಲಿ 1k ಹೋಗಿ 1.07k ಆಗಿರಲಿ, 3k ಹೋಗಿ 2.8k ಆಗಿರಲಿ, Y12 ಮತ್ತು Y21 ಒಂದೇ ಇರಬೇಕು. ಎಂಥ ಕೆಟ್ಟ ರೆಸಿಸ್ಟರ್ ಹಾಕಿದರೂ ಅಷ್ಟೇ. ಅವೆರಡು ಬೇರೆ ಬಂದರೆ ಅಳೆಯುವ ರೀತಿಯಲ್ಲೇ ಏನೋ ಆಗಿದೆ ಅಂತ ಅರ್ಥ.

ತಂಗಿ, ಮೀಟರಿನ ಗುಂಡಿ ಯಾವ ರೇಂಜಿನಲ್ಲಿತ್ತು?

---

ವಿದ್ಯಾನಗರ_ಹುಡುಗಿ

ಹಳದಿ ಬಣ್ಣದ ಸಣ್ಣ ಡಿಜಿಟಲ್ ಮೀಟರ್ ಅಕ್ಕಾ. ಗುಂಡಿ 2000µ ಮೇಲೆ ಇತ್ತು. ಜಾಸ್ತಿ ಅಂಕಿ ಕಾಣುತ್ತದೆ ಅಂತ ಅದನ್ನೇ ಇಟ್ಟಿದ್ದೆವು. ರೆಸಿಸ್ಟರ್‌ಗಳು ಮೆಟಲ್ ಫಿಲ್ಮ್, 1% ದವು. ಸಪ್ಲೈ ಎರಡೂ ಸಲ ಪೋರ್ಟಿನ ಮೇಲೇ ಅಳೆದೆವು, 5.00 ಇತ್ತು.

---

ಹಾವೇರಿ_ತೋಟ

ಸ್ಟಾರ್ ಡೆಲ್ಟಾ ವಿಷಯ ಅಲ್ವೇನ್ರಿ ಇದು? ನಮ್ಮ ತೋಟದ ಬೋರ್‌ವೆಲ್ ಮೋಟರಿಗೂ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದೆ. ಹೋದ ವಾರದಿಂದ ಸ್ಟಾರ್‌ನಲ್ಲಿ ಶುರು ಆಗುತ್ತೆ, ಡೆಲ್ಟಾಕ್ಕೆ ಬರುವಾಗ ಟ್ರಿಪ್ ಆಗುತ್ತೆ. ಮೆಕ್ಯಾನಿಕ್ ಎರಡು ಸಲ ಬಂದು ಹೋದ. ಈ ಲೆಕ್ಕದಿಂದ ಏನಾದರೂ ಗೊತ್ತಾಗುತ್ತಾ?

---

ಮೀಟರ್_ಅಕ್ಕ

ತೋಟದ ಅಣ್ಣಾ, ಒಂದು ನಿಮಿಷ, ನಿಮ್ಮದಕ್ಕೂ ಬರುತ್ತೇನೆ.

ತಂಗಿ, ನಿನ್ನ ಕಳ್ಳ ಸಿಕ್ಕ. ಆ ತರಹದ ಮೀಟರ್ ಕರೆಂಟ್ ಅಳೆಯುವುದು ಒಳಗಿನ ಒಂದು ಸಣ್ಣ ರೆಸಿಸ್ಟರ್ ಮೇಲೆ ಬೀಳುವ ವೋಲ್ಟೇಜ್ ನೋಡಿ. ರೇಂಜ್ ಪೂರ್ತಿ ತುಂಬಿದಾಗ ಅದರ ಮೇಲೆ 200 ಮಿಲಿವೋಲ್ಟ್ ಇರುತ್ತದೆ. 2000 ಮೈಕ್ರೋಆಂಪ್‌ಗೆ 200 ಮಿಲಿವೋಲ್ಟ್ ಅಂದರೆ ಒಳಗೆ 100 ಓಮ್ ಇದೆ. ನೀನು ಪೋರ್ಟನ್ನು ಶಾರ್ಟ್ ಮಾಡಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಅಲ್ಲಿ 100 ಓಮ್ ಕಟ್ಟಿದ್ದೆ.

ಲೆಕ್ಕ ಹಾಕಿ ನೋಡು. ಮೀಟರ್ ಎರಡನೇ ಪೋರ್ಟಿನಲ್ಲಿದ್ದಾಗ ಬಲಗೈ 2k ಅಲ್ಲ, 2.1k. ಅದು 3k ಜೊತೆ ಪ್ಯಾರಲಲ್ ಆದರೆ 1.235k. 1k ಸೇರಿಸಿದರೆ 2.235k. 5 ವೋಲ್ಟಿಗೆ 2.237 ಮಿಲಿಆಂಪ್ ಒಳಗೆ ಹೋಗುತ್ತದೆ. ಅದರಲ್ಲಿ 3/5.1 ಪಾಲು ಮೀಟರ್ ಕಡೆ ಬರುತ್ತದೆ. 1.316 ಮಿಲಿಆಂಪ್. ನಿನಗೆ 1315 ಬಂದಿದೆ.

ಈಗ ಮೀಟರ್ ಮೊದಲ ಪೋರ್ಟಿಗೆ ಹೋಯಿತು. ಈಗ ಉದ್ದವಾಗಿದ್ದು ಎಡಗೈ, 1.1k. ಇದೇ ರೀತಿ ಮಾಡಿದರೆ 1.304 ಮಿಲಿಆಂಪ್. ನಿನಗೆ 1303.

ಎರಡು ಸಲವೂ ನೀನು ಬೇರೆ ಬೇರೆ ನೆಟ್‌ವರ್ಕ್ ಅಳೆದೆ. ಮೊದಲ ಸಲ 1k–2.1k–3k, ಎರಡನೇ ಸಲ 1.1k–2k–3k. ಅದಕ್ಕೇ ಎರಡೂ ಹೊಂದಲಿಲ್ಲ. ನಿನ್ನ ಓದು ಪ್ರಾಮಾಣಿಕವಾಗಿತ್ತು. ರೆಕಾರ್ಡ್ ಬುಕ್ಕಿನಲ್ಲಿ ಅದನ್ನೇ ಬರೆಯಬೇಕಿತ್ತು.

---

ವಿದ್ಯಾನಗರ_ಹುಡುಗಿ

ಅಯ್ಯೋ! ಮೂರು ದಿನದಿಂದ ಬ್ರೆಡ್‌ಬೋರ್ಡಿನ ತಂತಿ ಸಡಿಲ ಇರಬೇಕು ಅಂತ ಬೈದುಕೊಳ್ಳುತ್ತಿದ್ದೆ. ನಾಳೆ 20m ರೇಂಜಿನಲ್ಲಿ ಮತ್ತೆ ಅಳೆಯುತ್ತೇನೆ. ಅಲ್ಲಿ ಒಳಗೆ 10 ಓಮ್ ಅಷ್ಟೇ ತಾನೇ?

---

ಮೀಟರ್_ಅಕ್ಕ

ಹೌದು, 10. ಅಂಕಿ ಒಂದು ಕಡಿಮೆ ಕಾಣುತ್ತದೆ, ಆದರೆ ಸತ್ಯಕ್ಕೆ ಹತ್ತಿರ ಇರುತ್ತದೆ.

---

ತೋಳನಕೆರೆ_ವಾಕರ್

ಟಾಲರೆನ್ಸ್ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. 1% ಅಂತ ಮೊದಲು ಹೇಳಿರಲಿಲ್ಲ ಅಷ್ಟೇ. ಆದರೆ ಒಂದು ಕೇಳ್ತೀನಿ. ಇಷ್ಟೆಲ್ಲ ತಾಪತ್ರಯ ಯಾಕೆ? Z ಅಳೆದು ಇನ್ವರ್ಸ್ ಮಾಡಿದರೆ Y ಬಂತಲ್ಲ. ಓಪನ್ ಇಟ್ಟು ಅಳೆಯೋದು ಸುಲಭ, ಮೀಟರ್ ತೊಂದರೆಯೂ ಇಲ್ಲ.

---

ನಿವೃತ್ತ_ಮೇಷ್ಟ್ರು_ಧಾರವಾಡ

ಈ ನೆಟ್‌ವರ್ಕಿಗೆ ನಿಮ್ಮ ಮಾತು ಸರಿ. ವೋಲ್ಟ್ ಅಳೆಯುವಾಗ ಆ ಮೀಟರಿನ ಒಳಗೆ ಸುಮಾರು 1 ಮೆಗಾಓಮ್ ಇರುತ್ತದೆ. 1k, 2k ಮುಂದೆ ಅದು ಬಹುತೇಕ ಓಪನ್. ಅದಕ್ಕೆ Z ಚೆನ್ನಾಗಿ ಬರುತ್ತದೆ.

ಆದರೆ ಎಲ್ಲ ಕಡೆ ಈ ದಾರಿ ಹಿಡಿಯಬೇಡಿ. ಒಂದು ಲೆಕ್ಕ ಹೇಳುತ್ತೇನೆ. ಎರಡೂ ಕೈ 10 ಓಮ್, ಕಾಲು 1000 ಓಮ್ ಇರಲಿ. Z11 = Z22 = 1010, Z12 = 1000. ಡಿಟರ್ಮಿನೆಂಟ್ 1010² − 1000² = 20100. Y11 = 1010/20100 = 0.0502.

ಈಗ Z12 ಅಳೆಯುವಾಗ ಬರೀ 1% ತಪ್ಪಿ 990 ಅಂತ ಓದಿದಿರಿ. ಡಿಟರ್ಮಿನೆಂಟ್ 40000 ಆಯಿತು. Y11 = 0.02525. ಅರ್ಧಕ್ಕೆ ಇಳಿಯಿತು! ಓದಿನಲ್ಲಿ ನೂರಕ್ಕೆ ಒಂದು ತಪ್ಪು, ಉತ್ತರದಲ್ಲಿ ನೂರಕ್ಕೆ ಐವತ್ತು. ತಪ್ಪಿ 1010 ಅಂತ ಓದಿದ್ದರೆ ಡಿಟರ್ಮಿನೆಂಟ್ ಸೊನ್ನೆ, ಉತ್ತರವೇ ಇಲ್ಲ.

ಕಾರಣ ನೋಡಿ. ಹತ್ತು ಲಕ್ಷದಷ್ಟು ದೊಡ್ಡ ಎರಡು ಸಂಖ್ಯೆಗಳನ್ನು ಕಳೆದು, ಉಳಿದ ಸಣ್ಣ ಚೂರಿನಿಂದ ಭಾಗಿಸುತ್ತಿದ್ದೇವೆ. 10 ಓಮ್ ಕೈಗಳ ಸುದ್ದಿ ಇರುವುದು ಆ ಚೂರಿನಲ್ಲೇ. ಓದಿನ ತಪ್ಪು ಆ ಚೂರನ್ನೇ ನುಂಗಿಬಿಡುತ್ತದೆ.

---

ನವನಗರ_ಕೋಡರ್

ಮೇಷ್ಟ್ರೇ, ಈಗ ನಾನೂ ಮಾಡಿ ನೋಡಿದೆ. 990 ಹಾಕಿದರೆ 0.02525, ಹೌದು. ಇದನ್ನು ಯೋಚಿಸಿರಲಿಲ್ಲ. ನಾನು ಕೊಟ್ಟ ಮೂರು ಸಾಲು ತಪ್ಪು ಓದಿಗೂ ಅಷ್ಟೇ ಧೈರ್ಯದಿಂದ ಎಂಟು ಅಂಕಿ ಕೊಡುತ್ತದೆ.

ಕೈಗಳೇ ಇಲ್ಲದೆ ಬರೀ 30 ಓಮ್ ಕಾಲು ಇಟ್ಟೂ ನೋಡಿದೆ, ನಾಲ್ಕೂ ಕಡೆ 30. ಬಂದಿದ್ದು:

```
numpy.linalg.LinAlgError: Singular matrix
```

---

ನಿವೃತ್ತ_ಮೇಷ್ಟ್ರು_ಧಾರವಾಡ

ಅದು ಪ್ರೋಗ್ರಾಮಿನ ದೋಷ ಅಲ್ಲ. ಬರೀ ಕಾಲಿದ್ದಾಗ ಎರಡನೇ ಪೋರ್ಟ್ ಶಾರ್ಟ್ ಮಾಡಿದರೆ ಮೊದಲ ಪೋರ್ಟೂ ಶಾರ್ಟ್ ಆಗುತ್ತದೆ. ಅಲ್ಲಿ 1 ವೋಲ್ಟ್ ಕೊಡಲು ಯಾರಿಂದಲೂ ಆಗಲ್ಲ. Y ಅನ್ನೋದೇ ಇಲ್ಲ ಅದಕ್ಕೆ. ಇದರ ಉಲ್ಟಾ, ಮೇಲಿನ ತಂತಿಯಲ್ಲಿ ಒಂದೇ ರೆಸಿಸ್ಟರ್ ಇದ್ದು ಕಾಲಿಲ್ಲದಿದ್ದರೆ Y ಇದೆ, Z ಇಲ್ಲ. ಎರಡನೇ ಕಡೆ ಓಪನ್ ಇಟ್ಟರೆ ಕರೆಂಟಿಗೆ ಹೋಗಲು ದಾರಿಯೇ ಇಲ್ಲವಲ್ಲ.

ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ, ನೆನಪಿಟ್ಟುಕೋ ಮಗಳೇ. "ಇಲ್ಲ" ಅಂತ ಬರೆದು ಕಾರಣ ಹೇಳಿದರೆ ಅದೇ ಉತ್ತರ.

---

ತೋಳನಕೆರೆ_ವಾಕರ್

ಸರಿ, ಆ 10-1000-10 ಲೆಕ್ಕಕ್ಕೆ ಏನು ಮಾಡೋದು ಹಾಗಾದರೆ? ನೇರವಾಗಿ Y ಅಳೆಯೋಣ ಅಂದರೆ ಅಕ್ಕನ ಮೀಟರ್ ಒಳಗೇ 10 ಓಮ್ ಇದೆ. ಕೈಯೇ 10 ಓಮ್. ಅದೂ ಹಾಳು.

---

ಮೀಟರ್_ಅಕ್ಕ

ಇದು ಸರಿಯಾದ ಪ್ರಶ್ನೆ. ನಾನು ಮಾಡುವುದು ಹೀಗೆ. ಆಮ್ಮೀಟರ್ ಬಿಟ್ಟುಬಿಡಿ. ಎರಡನೇ ಪೋರ್ಟಿಗೆ ಒಂದು ದಪ್ಪ ತಂತಿ ಗಟ್ಟಿಯಾಗಿ ಕಟ್ಟಿ. ಅದು ನಿಜವಾದ ಶಾರ್ಟ್. ಈಗ ಮೊದಲ ಪೋರ್ಟಿನಲ್ಲಿ ಓಮ್ ಮೀಟರ್ ಇಡಿ. ಬರುವ ಓದೇ 1/Y11. ಈ ನೆಟ್‌ವರ್ಕಿಗೆ 19.9 ಓಮ್ ಬರಬೇಕು. ಕಳೆಯೋದೂ ಇಲ್ಲ, ಭಾಗಿಸೋದೂ ಇಲ್ಲ. ಮೀಟರಿನ ಎರಡು ಮುಳ್ಳು ಒಂದಕ್ಕೊಂದು ತಾಗಿಸಿ, ಆಗ ಕಾಣುವ ಅರ್ಧ ಓಮ್ ಗಿರ್ಧ ಓಮ್ ಮೊದಲೇ ಕಳೆದುಕೊಳ್ಳಿ.

ಹೀಗೆ ಎರಡೂ ಕಡೆಯಿಂದ ಓಪನ್ ಒಂದು, ಶಾರ್ಟ್ ಒಂದು, ಒಟ್ಟು ನಾಲ್ಕು ಓದು. ತಂಗಿಯ 10-20-30 ನೆಟ್‌ವರ್ಕಿಗೆ ಮೊದಲ ಪೋರ್ಟಿನಲ್ಲಿ 40 ಮತ್ತು 22, ಎರಡನೇ ಪೋರ್ಟಿನಲ್ಲಿ 50 ಮತ್ತು 27.5. ಈಗ ಓಪನ್ ಓದನ್ನು ಶಾರ್ಟ್ ಓದಿನಿಂದ ಭಾಗಿಸಿ. 40/22 = 1.818. 50/27.5 = 1.818. ಎರಡೂ ಪೋರ್ಟಿನಲ್ಲಿ ಈ ಅನುಪಾತ ಒಂದೇ ಬರಬೇಕು. ಬರದಿದ್ದರೆ ನಾಲ್ಕರಲ್ಲಿ ಒಂದು ಓದು ತಪ್ಪಿದೆ ಅಂತಲೇ. ತಪ್ಪು ಹಿಡಿಯಲು ನನಗೆ ಗೊತ್ತಿರುವ ಅತಿ ಸುಲಭದ ದಾರಿ ಇದು.

Z12 ಕೂಡ ಇದರಲ್ಲೇ ಸಿಗುತ್ತದೆ. 50 × (40 − 22) = 900, ಅದರ ವರ್ಗಮೂಲ 30.

---

ತೋಳನಕೆರೆ_ವಾಕರ್

ವರ್ಗಮೂಲ ತೆಗೆದರೆ ಪ್ಲಸ್ಸೋ ಮೈನಸ್ಸೋ ಗೊತ್ತಾಗಲ್ಲ.

---

ಮೀಟರ್_ಅಕ್ಕ

ಕೆಳಗಿನ ತಂತಿ ಎರಡಕ್ಕೂ ಒಂದೇ ಇರುವ ರೆಸಿಸ್ಟರ್ ನೆಟ್‌ವರ್ಕಿನಲ್ಲಿ ಅದು ಪ್ಲಸ್ಸೇ. ತಂತಿ ಅಡ್ಡಾದಿಡ್ಡಿ ದಾಟಿಸಿದ ಲ್ಯಾಟಿಸ್ ತರಹದ್ದಕ್ಕೆ ನಿಮ್ಮ ಆಕ್ಷೇಪ ಸರಿ. ಅಲ್ಲಿ ಒಂದು ವೋಲ್ಟೇಜ್ ಅಳೆದು ನೋಡಲೇಬೇಕು.

---

ಪೇಡಾ_ಪ್ರಿಯ

ಪ್ಲಸ್ ಮೈನಸ್ ಅಂದಾಗ ನೆನಪಾಯಿತು. Y12 ಮೈನಸ್ ಯಾಕೆ ಬರುತ್ತದೆ? ನಮ್ಮ ಕಾಲದಲ್ಲಿ ಮೈನಸ್ ಹಾಕಿ ಅಂತ ಬಾಯಿಪಾಠ ಮಾಡಿಸಿದ್ದರು. ಇವತ್ತಿಗೂ ಗೊತ್ತಿಲ್ಲ.

---

ನಿವೃತ್ತ_ಮೇಷ್ಟ್ರು_ಧಾರವಾಡ

ಎರಡೂ ಪೋರ್ಟಿನ ಕರೆಂಟನ್ನು ಒಳಗೆ ಹೋಗುವ ದಿಕ್ಕಿಗೆ ಪ್ಲಸ್ ಅಂತ ಇಟ್ಟುಕೊಂಡಿದ್ದೇವೆ. ಮೊದಲ ಕಡೆ 1 ವೋಲ್ಟ್ ಕೊಟ್ಟು ಎರಡನೇ ಕಡೆ ಶಾರ್ಟ್ ಮಾಡಿದರೆ ಅಲ್ಲಿ ಕರೆಂಟ್ ಹೊರಗೆ ಬರುತ್ತದೆ. ಅದಕ್ಕೇ ಮೈನಸ್.

ಮಗಳ ಉತ್ತರ ತಪ್ಪು ಅಂತ ಇದರಿಂದಲೇ ಹೇಳಬಹುದಿತ್ತು. ಅವಳ ಲೆಕ್ಕದಲ್ಲಿ Y11 = 0.025, Y21 = 0.0333. 1 ವೋಲ್ಟ್ ಕೊಟ್ಟರೆ ಮೊದಲ ಕಡೆ 25 ಮಿಲಿಆಂಪ್, ಎರಡನೇ ಕಡೆ 33 ಮಿಲಿಆಂಪ್. ಪ್ಲಸ್ ಅಂದರೆ ಶಾರ್ಟ್ ಮಾಡಿದ ತುದಿಯಿಂದ ಕರೆಂಟ್ ತಾನಾಗಿ ಒಳಗೆ ಬರಬೇಕು. ಅಲ್ಲಿ ತಳ್ಳುವವರು ಯಾರು? ಹೋಗಲಿ, ಮೈನಸ್ ಹಾಕಿದರೂ ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಜಾಸ್ತಿ ಆಯಿತು. ಸರಿಯಾದ ಉತ್ತರದಲ್ಲಿ 45.45 ಒಳಗೆ, 27.27 ಹೊರಗೆ, ಉಳಿದ 18.18 ಕಾಲಿನ ಮೂಲಕ ಕೆಳಗೆ. ಲೆಕ್ಕ ತಾಳೆಯಾಯಿತು.

---

ವಿದ್ಯಾನಗರ_ಹುಡುಗಿ

ಸರ್, ಇದನ್ನು ಪರೀಕ್ಷೆಯಲ್ಲಿ ಅರ್ಧ ನಿಮಿಷದಲ್ಲಿ ನೋಡಬಹುದಿತ್ತು. ಹೊಟ್ಟೆ ಉರೀತಿದೆ.

---

ಹಾವೇರಿ_ತೋಟ

ನನ್ನ ಮೋಟರ್ ಮರೆತೇಬಿಟ್ಟಿರಿ.

---

ಮೀಟರ್_ಅಕ್ಕ

ಮರೆತಿಲ್ಲ ಅಣ್ಣಾ. ಹೆಸರು ಒಂದೇ, ಸಂಗತಿ ಬೇರೆ. ನಿಮ್ಮ ಸ್ಟಾರ್ಟರ್ ಅದೇ ಮೂರು ವೈಂಡಿಂಗ್‌ಗಳನ್ನು ಮೊದಲು ಸ್ಟಾರ್‌ನಲ್ಲಿ, ಆಮೇಲೆ ಡೆಲ್ಟಾದಲ್ಲಿ ಕಟ್ಟುತ್ತದೆ. ಸ್ಟಾರ್‌ನಲ್ಲಿ ಲೈನ್ ಕರೆಂಟ್ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಅದೇ ಅದರ ಉದ್ದೇಶ. ನಾವಿಲ್ಲಿ ಮಾತಾಡುತ್ತಿರುವುದು ಹೊರಗಿನಿಂದ ನೋಡಿದರೆ ಒಂಚೂರೂ ವ್ಯತ್ಯಾಸ ಗೊತ್ತಾಗದ ಹಾಗೆ ಸ್ಟಾರ್ ತೆಗೆದು ಬೇರೆ ಬೆಲೆಯ ಡೆಲ್ಟಾ ಇಡುವುದು.

ಡೆಲ್ಟಾಕ್ಕೆ ಬರುವಾಗ ಟ್ರಿಪ್ ಅಂದರೆ ಟೈಮರ್ ತುಂಬಾ ಬೇಗ ಬದಲಿಸುತ್ತಿದೆಯಾ, ಮೋಟರ್ ಪೂರ್ತಿ ವೇಗಕ್ಕೆ ಬಂದಿರುತ್ತದಾ ಅಂತ ಮೊದಲು ನೋಡಿಸಿ. ಮೂರೂ ಫೇಸ್ ವೋಲ್ಟೇಜ್ ಕೂಡ. ಅದನ್ನು ನಿಂತು ನೋಡಿದವರೇ ಹೇಳಬೇಕು, ನಾನು ಇಲ್ಲಿಂದ ಖಚಿತ ಹೇಳಲಾರೆ.

---

ಹಾವೇರಿ_ತೋಟ

ಟೈಮರ್ ನೋಡಿಸ್ತೀನಿ ಅಕ್ಕಾರೆ. ಮೆಕ್ಯಾನಿಕ್ ಬರೀ ಕಾಂಟ್ಯಾಕ್ಟರ್ ತಿಕ್ಕಿ ಹೋದ.

---

ನಿವೃತ್ತ_ಮೇಷ್ಟ್ರು_ಧಾರವಾಡ

ಆ ಬದಲಾವಣೆಯ ಸೂತ್ರವನ್ನು ಕೆನೆಲಿ 1899 ರಲ್ಲೇ ಪ್ರಕಟಿಸಿದ್ದರು. Z ದಿಂದ Y ಗೆ ಹೋಗುವುದೂ ಒಳಗಿಂದ ಅದೇ ಕೆಲಸ. ಟಿ ನೆಟ್‌ವರ್ಕಿಗೆ Z ಬರೆಯುವುದು ಸಲೀಸು, ಪೈ ನೆಟ್‌ವರ್ಕಿಗೆ Y ಬರೆಯುವುದು ಸಲೀಸು. ಮಗಳ Y ನೋಡಿ. −Y12 ಅಂದರೆ ಪೈಯ ಮೇಲಿನ ರೆಸಿಸ್ಟರ್, 36.67 ಓಮ್. Y11 + Y12 ಎಡಗಾಲು, 55 ಓಮ್. Y22 + Y12 ಬಲಗಾಲು, 110 ಓಮ್. ಡಬ್ಬಿಯೊಳಗೆ 10-20-30 ರ ಟಿ ಇದೆಯೋ ಈ ಪೈ ಇದೆಯೋ, ಹೊರಗಿನ ಟರ್ಮಿನಲ್‌ಗಳಿಂದ ಯಾರಿಗೂ ಹೇಳಲಾಗಲ್ಲ.

---

ಗದಗ_ಕೇಬಲ್

ಇಷ್ಟೊತ್ತು ಓದ್ತಾ ಇದ್ದೆ. ಈಗ ನನಗೆ ಕೆಲಸಕ್ಕೆ ಬರೋ ಮಾತು ಬಂತು. ಗದಗಿನಲ್ಲಿ ಕೇಬಲ್ ಟಿವಿ ಲೈನ್ ನೋಡಿಕೊಳ್ಳುತ್ತೇನೆ. ಆಂಪ್ಲಿಫೈಯರ್ ಹತ್ತಿರದ ಮನೆಗಳಲ್ಲಿ ಸಿಗ್ನಲ್ ಜಾಸ್ತಿಯಾಗಿ ಚಿತ್ರ ಒಡೆಯುತ್ತದೆ. ಅಲ್ಲಿಗೆ 6 ಡಿಬಿ ಪ್ಯಾಡ್ ಹಾಕಬೇಕು. ಹಳೆ ಡೈರಿಯಲ್ಲಿ ಟಿ ಬರೆದಿಟ್ಟಿದ್ದೇನೆ. ಎರಡು ಕೈ 25 ಓಮ್, ಕಾಲು 100 ಓಮ್, 75 ಓಮ್ ಲೈನಿಗೆ. 25 ಓಮ್ ಅಂಗಡಿಯಲ್ಲಿ ಸಿಗಲ್ಲ. 22 ಇದೆ, 27 ಇದೆ. ಹುಬ್ಬಳ್ಳಿಗೆ ಬಂದಾಗಲೂ ಕೇಳಿದೆ, ಸಿಗಲಿಲ್ಲ. ಇದನ್ನು ಪೈ ಮಾಡಿದರೆ ಸಿಗೋ ಬೆಲೆ ಬರುತ್ತಾ?

---

ವಿದ್ಯಾನಗರ_ಹುಡುಗಿ

ಅಣ್ಣಾ, ಇದನ್ನು ನಾನು ಮಾಡುತ್ತೇನೆ, ತಪ್ಪಿದ್ದರೆ ಸರ್ ತಿದ್ದಲಿ.

Z11 = Z22 = 125, Z12 = 100. ಡಿಟರ್ಮಿನೆಂಟ್ 15625 − 10000 = 5625. Y11 = 125/5625 = 1/45. ಶಾರ್ಟ್ ಮಾಡಿ ನೋಡಿದೆ. 25 ಮತ್ತು 100 ಪ್ಯಾರಲಲ್ 20, ಅದಕ್ಕೆ 25 ಸೇರಿದರೆ 45. ಸರಿ ಇದೆ. Y12 = −100/5625 = −1/56.25.

ಪೈಯ ಮೇಲಿನದು 56.25 ಓಮ್. ಕಾಲುಗಳು Y11 + Y12 = 25/5625 = 1/225, ಅಂದರೆ 225 ಓಮ್.

56 ಮತ್ತು 220 ಎರಡೂ ಅಂಗಡಿಯಲ್ಲಿ ಸಿಗುತ್ತವೆ!

---

ನಿವೃತ್ತ_ಮೇಷ್ಟ್ರು_ಧಾರವಾಡ

ತಿದ್ದಲು ಏನೂ ಇಲ್ಲ. ಆ 5625 ಅಂದರೆ 75 × 75 ಅನ್ನೋದನ್ನೂ ಗಮನಿಸು. ಎರಡೂ ಕಡೆ ಒಂದೇ ಇರುವ ಪ್ಯಾಡ್ 75 ಓಮ್‌ಗೆ ಹೊಂದಿದ್ದರೆ ಡಿಟರ್ಮಿನೆಂಟ್ ಯಾವಾಗಲೂ ಹೀಗೇ ಬರುತ್ತದೆ. 6 ಡಿಬಿ ಇರಲಿ, 10 ಡಿಬಿ ಇರಲಿ.

---

ಮೀಟರ್_ಅಕ್ಕ

56 ಮತ್ತು 220 ಹಾಕಿ ನಾನೂ ನೋಡಿದೆ. ಆ ಕಡೆ 75 ಓಮ್ ಕಟ್ಟಿದರೆ ಈ ಕಡೆ 74.2 ಓಮ್ ಕಾಣುತ್ತದೆ, ಇಳಿಕೆ 6.03 ಡಿಬಿ. ಇದಕ್ಕಿಂತ ಚೆನ್ನಾಗಿ ಬೇಡ. ಕಾಲುಗಳ ತಂತಿ ಮಾತ್ರ ಆದಷ್ಟು ಗಿಡ್ಡ ಇಡಿ ಅಣ್ಣಾ. ಟಿವಿ ಫ್ರೀಕ್ವೆನ್ಸಿಯಲ್ಲಿ ಉದ್ದ ಕಾಲಿನ ರೆಸಿಸ್ಟರ್ ಬರೀ ರೆಸಿಸ್ಟರ್ ಆಗಿ ಉಳಿಯಲ್ಲ. ಈ ಲೆಕ್ಕ ಎಲ್ಲ ಶುದ್ಧ ರೆಸಿಸ್ಟರಿಗೆ.

ಡಿಶ್ ಲೈನಿಗೆ ಇದನ್ನು ಎಂದೂ ಹಾಕಬೇಡಿ. ಬಾಕ್ಸ್ ಆ ತಂತಿಯಲ್ಲೇ ಮೇಲಿನ ಎಲ್‌ಎನ್‌ಬಿಗೆ 13 ಇಲ್ಲ 18 ವೋಲ್ಟ್ ಕಳಿಸುತ್ತದೆ. 220 ಓಮ್ ಮೇಲೆ 18 ವೋಲ್ಟ್ ಅಂದರೆ ಹತ್ತಿರ ಒಂದೂವರೆ ವ್ಯಾಟ್. ಕಾಲು ವ್ಯಾಟ್ ರೆಸಿಸ್ಟರ್ ಕಪ್ಪಾಗಿ ಹೋಗುತ್ತದೆ, ಎಲ್‌ಎನ್‌ಬಿಗೆ ವೋಲ್ಟೇಜೂ ಸಾಲಲ್ಲ.

---

ಗದಗ_ಕೇಬಲ್

ನಮ್ಮ ಟ್ರಂಕ್ ಲೈನಿನಲ್ಲೂ ಆಂಪ್ಲಿಫೈಯರಿಗೆ ಪವರ್ ತಂತಿಯಲ್ಲೇ ಹೋಗುತ್ತದೆ. ಹಾಗಾದರೆ ಪ್ಯಾಡ್ ಮನೆಯ ಡ್ರಾಪ್ ಕಡೆಗೇ ಹಾಕಬೇಕು. ತಂಗೀ, ಬಹಳ ಉಪಕಾರ ಆಯಿತು. ನಾಳೆ ಎರಡು ಮಾಡಿ ಹಾಕ್ತೀನಿ.

---

ನವನಗರ_ಕೋಡರ್

ಎರಡು ಪ್ಯಾಡ್ ಒಂದರ ಹಿಂದೆ ಒಂದು ಹಾಕಿದರೆ Y ಕೂಡಿಸಿದರೆ ಆಯಿತಾ?

---

ನಿವೃತ್ತ_ಮೇಷ್ಟ್ರು_ಧಾರವಾಡ

ಇಲ್ಲಪ್ಪಾ. Y ಕೂಡುವುದು ಎರಡು ನೆಟ್‌ವರ್ಕ್‌ಗಳನ್ನು ಪ್ಯಾರಲಲ್ ಕಟ್ಟಿದಾಗ. ಒಂದರ ಹಿಂದೆ ಒಂದಕ್ಕೆ ABCD ಬೇಕು, ಅಲ್ಲಿ ಗುಣಿಸಬೇಕು. ಅದಕ್ಕೆ ಬೇರೆ ಚರ್ಚೆ ಶುರು ಮಾಡು, ಬಂದು ಬರೆಯುತ್ತೇನೆ.

---

ವಿದ್ಯಾನಗರ_ಹುಡುಗಿ

ಇವತ್ತು ಲ್ಯಾಬ್‌ನಲ್ಲಿ ಮತ್ತೆ ಅಳೆದೆ. 20m ರೇಂಜಿನಲ್ಲಿ Y21 ಗೆ 1.36, Y12 ಗೆ 1.35. ಅಕ್ಕ ಹೇಳಿದ ಹಾಗೆ ತಂತಿ ಕಟ್ಟಿ ಓಮ್ ಮೀಟರಿನಲ್ಲೂ ನೋಡಿದೆ. ಓಪನ್ 3.99k ಮತ್ತು 4.98k. ಶಾರ್ಟ್ 2.19k ಮತ್ತು 2.74k. ಭಾಗಿಸಿದರೆ 1.82 ಮತ್ತು 1.82.

ರೆಕಾರ್ಡ್ ಬುಕ್ಕಿನಲ್ಲಿ ಹಳೆಯ ಓದು, ಹೊಸ ಓದು ಎರಡನ್ನೂ ಬರೆದು ಮೀಟರಿನ 100 ಓಮ್ ಲೆಕ್ಕ ಕೆಳಗೆ ಹಾಕಿದ್ದೇನೆ. ಸಹಿ ಆಗುತ್ತೋ ಇಲ್ವೋ ಸೋಮವಾರ ಗೊತ್ತಾಗುತ್ತದೆ.

---

ತೋಳನಕೆರೆ_ವಾಕರ್

1.36, 1.35 ಇನ್ನೂ ಬೇರೆ ಇವೆಯಲ್ಲ. ಇದು 10 ಓಮ್‌ನಿಂದಾ, ಇಲ್ಲ ಕೊನೆಯ ಅಂಕಿಯ ಅಲುಗಾಟವಾ?

---

ಮೀಟರ್_ಅಕ್ಕ

10 ಓಮ್ ಹಾಕಿ ಲೆಕ್ಕ ಮಾಡಿದರೆ 1.359 ಮತ್ತು 1.357 ಬರುತ್ತದೆ. ಆ ರೇಂಜಿನಲ್ಲಿ ಮೀಟರ್ ತೋರಿಸುವ ಅತಿ ಸಣ್ಣ ಹೆಜ್ಜೆಯೇ 0.01. ಈ ಮೀಟರಿನಿಂದ ಅದನ್ನು ಬಿಡಿಸಲಾಗಲ್ಲ. ಒಂದು ಒಳ್ಳೆ ಬೆಂಚ್ ಮೀಟರ್ ಸಿಕ್ಕರೆ ನೋಡು ತಂಗಿ, ಸಿಕ್ಕಿದರೆ ಇಲ್ಲೇ ಹಾಕು.